ಎರಡು ನಕಾರಗಳ ಬೆನ್ನು ಹತ್ತಿ

ನಾನು ಜೋಡಿಪದಗಳನ್ನು ಕೂಡಿಡುತ್ತೇನೆ. ಕಲ್ಲು-ಕಳ್ಳು, ಆನೆ-ಆಣೆ. ಉಳಿದದ್ದೆಲ್ಲ ಹಾಗೇ ಇದ್ದು ಒಂದೇ ಒಂದು ಸದ್ದು ಬದಲಾದರೆ ಅರ್ಥವೂ ಬದಲಾಗಬೇಕು. ಹಾಗಾದಾಗ ಆ ಎರಡು ಸದ್ದುಗಳು ಆ ಭಾಷೆಯಲ್ಲಿ ಬೇರೆ ಬೇರೆ ಧ್ವನಿಮಾಗಳು ಎನ್ನುತ್ತೇವೆ. ಇಂಥ ಪದಗಳಿಗೆ ಭಾಷಾವಿಜ್ಞಾನದಲ್ಲಿ ಕನಿಷ್ಠ ಜೋಡಿ ಎಂದು ಹೆಸರು. ನಮ್ಮ ಭಾಷೆಯಲ್ಲಿ ಇವನ್ನು ಹುಡುಕುವುದು ಹಿತ್ತಲಲ್ಲಿ ಹೂ ಕೊಯ್ದಷ್ಟು ಸಲೀಸು. ಗೊತ್ತಿಲ್ಲದ ಭಾಷೆಯಲ್ಲಿ ಮಾತ್ರ, ಏನನ್ನು ಕೇಳಿಸಿಕೊಳ್ಳಬೇಕು ಎಂಬುದೇ ಕಿವಿಗೆ ತಿಳಿದಿರುವುದಿಲ್ಲ.

ಕಿವಿ ಎಷ್ಟನ್ನು ಬಿಟ್ಟುಬಿಡುತ್ತದೆ ಎಂದು ತಿಳಿಯಬೇಕಾದರೆ ಅಂಕ, ಅಂಚು ಎಂಬ ಎರಡು ಪದಗಳನ್ನು ನಿಧಾನವಾಗಿ ಹೇಳಿ ನೋಡಿ. ಮೊದಲನೆಯದರ ಅನುನಾಸಿಕ ಗಂಟಲ ಬಳಿ ಹುಟ್ಟುತ್ತದೆ, ಎರಡನೆಯದು ಅಂಗುಳದಲ್ಲಿ. ಸದ್ದು ಎರಡು, ಆದರೂ ನಮಗೆ ಎರಡಕ್ಕೂ ಒಂದೇ ಸೊನ್ನೆ ಸಾಕು. ಮುಂದಿನ ವ್ಯಂಜನವೇ ಇಲ್ಲಿ ಯಾವುದು ಬರಬೇಕೆಂದು ಗೊತ್ತುಮಾಡುವುದರಿಂದ ಒಂದರ ಜಾಗಕ್ಕೆ ಇನ್ನೊಂದು ಬರುವುದೇ ಇಲ್ಲ. ಹೀಗೆ ಜಾಗ ಹಂಚಿಕೊಂಡು ಬಾಳುವ ಸದ್ದುಗಳನ್ನು ಒಂದೇ ಧ್ವನಿಮಾದ ಎರಡು ರೂಪಗಳೆಂದು ಲೆಕ್ಕ ಹಿಡಿಯುತ್ತೇವೆ.

ಈ ಲೆಕ್ಕ ನನ್ನ ಕೈಗೆ ಚೆನ್ನಾಗಿ ಹತ್ತಿದ್ದು ಮಲಯಾಳದ ನಕಾರದಿಂದ. ಮೈಸೂರಿನಲ್ಲಿ ನಮ್ಮ ಮನೆಯ ಕೆಳಗೆ ತ್ರಿಶೂರು ಕಡೆಯ ಒಬ್ಬ ಚೇಚಿ ಇದ್ದರು. ಸಂಜೆ ಅವರ ಅಡುಗೆಮನೆಯ ಮೆಟ್ಟಿಲ ಮೇಲೆ ಪುಸ್ತಕ, ರೆಕಾರ್ಡರ್ ಹಿಡಿದು ಕೂರುತ್ತಿದ್ದೆ. ನಾಯ (ನಾಯಿ), ನಾಲ್ (ನಾಲ್ಕು) ಎನ್ನುವಾಗ ಅವರ ನಾಲಿಗೆಯ ತುದಿ ಮೇಲಿನ ಹಲ್ಲಿಗೆ ತಾಗುತ್ತಿದ್ದುದು ಕಣ್ಣಿಗೇ ಕಾಣುತ್ತಿತ್ತು. ಆನ (ಆನೆ), ವನಂ (ಕಾಡು) ಎನ್ನುವಾಗ ನಾಲಿಗೆ ಒಂದಿಷ್ಟು ಹಿಂದೆ ಸರಿದು ವಸಡಿಗೆ ತಾಗುತ್ತಿತ್ತು. ಚಂತ (ಸಂತೆ) ಎನ್ನುವಲ್ಲಿ ಮುಂದೆ ತಕಾರವಿದ್ದುದರಿಂದ ಮತ್ತೆ ಹಲ್ಲು, ಞಾನ್ (ನಾನು) ಎನ್ನುವಾಗ ಕೊನೆಯಲ್ಲಿ ಮತ್ತೆ ವಸಡು. ನಾಲ್ಕಾರು ಪುಟ ತುಂಬುವ ಹೊತ್ತಿಗೆ ನಿಯಮ ಕೈಗೆ ಸಿಕ್ಕಂತಿತ್ತು: ಪದದ ಮೊದಲಲ್ಲಿ ಮತ್ತು ತಕಾರದ ಹಿಂದೆ ಹಲ್ಲಿನ ನ, ಸ್ವರಗಳ ನಡುವೆ ಮತ್ತು ಪದದ ಕೊನೆಯಲ್ಲಿ ವಸಡಿನ ನ. ಮಲಯಾಳದ ಬರಹದಲ್ಲೂ ಇವೆರಡಕ್ಕೆ ಒಂದೇ ಅಕ್ಷರ. ಒಂದೇ ಧ್ವನಿಮಾ, ಎರಡು ರೂಪ ಎಂದು ಬರೆದು ಅಡಿಗೆರೆ ಎಳೆದೆ.

ಆಮೇಲೆ ಒತ್ತಕ್ಷರಗಳ ಸರದಿ ಬಂತು. ಹಂದಿಗೆ ಪನ್ನಿ, ಕನ್ಯೆಗೆ ಕನ್ನಿ. ನನ್ನ ಕಿವಿಗೆ ಎರಡರ ‘ನ್ನಿ’ಯೂ ಒಂದೇ. ಆದರೆ ಪನ್ನಿ ಎಂದಾಗ ಚೇಚಿಯ ಹಲ್ಲಿನಂಚಿನಲ್ಲಿ ನಾಲಿಗೆ ಇಣುಕಿತು, ಕನ್ನಿ ಎಂದಾಗ ಇಣುಕಲಿಲ್ಲ. ಹಿಂದೆ ಅಕಾರ, ಮುಂದೆ ಇಕಾರ, ಸುತ್ತಲಿನ ನೆಲವೆಲ್ಲ ಒಂದೇ. ಹಾಗಿದ್ದರೆ ಈ ಎರಡು ನಕಾರಗಳನ್ನು ಬೇರೆ ಮಾಡಿದ್ದು ಯಾವುದು? ಪದದ ಮೊದಲ ಕಕಾರವೇನಾದರೂ ನಾಲಿಗೆಯನ್ನು ಹಿಂದಕ್ಕೆ ಎಳೆಯಿತೇ ಎಂದು ಅನುಮಾನಿಸಿದೆ. ಗುಡ್ಡಕ್ಕೆ ಕುನ್ನ್ ಎನ್ನುತ್ತಾರೆ. ಅದರಲ್ಲೂ ಕಕಾರವಿದೆ, ನಕಾರ ಮಾತ್ರ ಹಲ್ಲಿನದು. ಕಕಾರದ ಮೇಲೆ ಹೊರಿಸಿದ ತಪ್ಪು ನಿಲ್ಲಲಿಲ್ಲ.

ಪನ್ನಿ-ಕನ್ನಿ ಪೂರ್ತಿ ಜೋಡಿಯಲ್ಲ, ಮೊದಲ ಅಕ್ಷರವೇ ಬೇರೆ. ನನಗೆ ಅಚ್ಚ ಜೋಡಿಯೇ ಬೇಕಿತ್ತು. ಅದು ಸಿಕ್ಕಿದ್ದು ‘ಎನ್ನಾಲ್’ ಎಂಬಲ್ಲಿ. ಹಲ್ಲಿನ ನಕಾರದಿಂದ ಹೇಳಿದರೆ ‘ಹಾಗಾದರೆ’, ವಸಡಿನ ನಕಾರದಿಂದ ಹೇಳಿದರೆ ‘ನನ್ನಿಂದ’. ಬರೆದರೆ ಎರಡಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ.

ಇಲ್ಲಿ ನಾನೊಂದು ತಪ್ಪು ಮಾಡಿದೆ. “ಚೇಚಿ, ಇವೆರಡೂ ಒಂದೇನಾ?” ಎಂದು ನೇರವಾಗಿ ಕೇಳಿಬಿಟ್ಟೆ. “ಒಂದೇ ಅಲ್ವಾ, ಅಕ್ಷರ ಒಂದೇ” ಎಂದರು. ಓದುಬರಹ ಬಲ್ಲವರಿಗೆ ಸದ್ದಿನ ಬಗ್ಗೆ ಕೇಳಿದರೆ ಉತ್ತರ ಬರುವುದು ಅಕ್ಷರದಿಂದ. ಆದ್ದರಿಂದ ಕೇಳುವ ಬಗೆಯನ್ನೇ ಬದಲಿಸಬೇಕಾಯಿತು. ಎರಡು ಅರ್ಥಗಳೂ ಬರುವಂತೆ ವಾಕ್ಯಗಳನ್ನು ಹೇಳಿಸಿ, ಆಮೇಲೆ ಪದವನ್ನಷ್ಟೇ ಬಿಡಿಯಾಗಿ ಹೇಳಿಸಿ ರೆಕಾರ್ಡ್ ಮಾಡಿದೆ. ಒಂದೊಂದನ್ನೂ ಹತ್ತಕ್ಕಿಂತ ಹೆಚ್ಚು ಸಲ. ಸಾಲಾಗಿ ಹೇಳಿಸಿದರೆ ಕೊನೆಯ ಪದದಲ್ಲಿ ದನಿ ಇಳಿದುಬಿಡುತ್ತದೆ, ಆಗ ಕೇಳುವವರು ನಕಾರವನ್ನು ಬಿಟ್ಟು ಆ ಇಳಿತವನ್ನು ಗುರುತು ಹಿಡಿಯುತ್ತಾರೆ. ಅದಕ್ಕಾಗಿ ಸಾಲಿನ ಕೊನೆಯದನ್ನು ಪ್ರತಿಸಲವೂ ಬಿಟ್ಟು, ಉಳಿದವನ್ನು ಕಲಸಿ, 20 ತುಣುಕುಗಳ ಒಂದು ಪಟ್ಟಿ ಮಾಡಿದೆ. ಕೇಳಿಸಿದ್ದು ಚೇಚಿಗಲ್ಲ, ಅವರ ಮಗನಿಗೆ. ತಾನೇ ಹೇಳಿದ್ದನ್ನು ನೆನಪಿನಿಂದ ಹೇಳಿಬಿಡುವ ಅಪಾಯ ಅವನಿಗಿರಲಿಲ್ಲ. ‘ಹಾಗಾದರೆ’, ‘ನನ್ನಿಂದ’ ಎಂದು ಕನ್ನಡದಲ್ಲಿ ಬರೆದ ಎರಡು ಚೀಟಿಗಳಲ್ಲಿ ಒಂದನ್ನು ಮುಟ್ಟಬೇಕು, ಅಷ್ಟೇ. ಸದ್ದಿನಲ್ಲಿ ಭೇದವೇ ಇಲ್ಲದಿದ್ದರೆ ಊಹೆಯಿಂದಲೇ ಹತ್ತರ ಆಸುಪಾಸು ಸರಿಯಾಗುತ್ತದೆ. ಅವನು 19 ಸರಿ ಮುಟ್ಟಿದ. ಅದೇ ಪಟ್ಟಿಗೆ ನಾನು ಮುಟ್ಟಿದ್ದು 11.

ಇಷ್ಟಾದರೂ ಒಬ್ಬ ಹಟವಾದಿ ಗೆಳೆಯ ಒಪ್ಪಲಿಲ್ಲ. ‘ಹಾಗಾದರೆ’ ಎಂಬರ್ಥದ್ದು ‘ಎನ್ನ್’ ಎಂಬುದಕ್ಕೆ ‘ಆಲ್’ ಸೇರಿ ಆದದ್ದು, ‘ನನ್ನಿಂದ’ ಎಂಬುದು ‘ಎನ್’ ಎಂಬುದಕ್ಕೆ ‘ಆಲ್’ ಸೇರಿ ನಕಾರ ಇಮ್ಮಡಿಯಾಗಿ ಆದದ್ದು. ಭೇದ ಪದಗಳು ಕೂಡುವ ಕೀಲಿನದೇ ಇರಬಹುದಲ್ಲ ಎಂದ. ಒಳ್ಳೆಯ ಆಕ್ಷೇಪ. ಉತ್ತರಕ್ಕೆ ಹಂದಿಯೇ ಬೇಕಾಯಿತು. ಪನ್ನಿ, ಕನ್ನಿಗಳನ್ನು ಒಡೆದರೆ ಒಳಗೆ ಬೇರೆ ಪದ ಸಿಗುವುದಿಲ್ಲ, ಕೀಲೇ ಇಲ್ಲ. ಅಚ್ಚ ಜೋಡಿಗೆ ಇಲ್ಲದ ಬಲವನ್ನು ಅರೆಜೋಡಿ ತುಂಬಿಕೊಟ್ಟಿತು. ನಾನು ಅಡಿಗೆರೆ ಎಳೆದ ಸಾಲನ್ನು ಹೊಡೆದುಹಾಕಿದೆ.

ಆದರೂ ಒಂದು ಗಂಟು ಉಳಿಯಿತು. ಈ ಎರಡು ನಕಾರಗಳು ಎದುರುಬದುರಾಗುವುದು ಒತ್ತಕ್ಷರದಲ್ಲಿ. ಪದದ ಮೊದಲಲ್ಲಿ ಹಲ್ಲಿನದೊಂದೇ ಬರುತ್ತದೆ. ಹಾಗಿದ್ದರೆ ನಾಯ ಎಂಬುದರ ನಕಾರವನ್ನು ಯಾರ ಖಾತೆಗೆ ಬರೆಯುವುದು? ಸದ್ದಿನ ಹೋಲಿಕೆ ನೋಡಿ ಹಲ್ಲಿನ ನಕಾರಕ್ಕೆ ಎನ್ನುವವರಿದ್ದಾರೆ. ರಷ್ಯಾದ ನಿಕೊಲಾಯ್ ತ್ರುಬೆತ್ಸ್ಕೋಯ್ 1939ರಲ್ಲಿ ಅಚ್ಚಾದ ತಮ್ಮ ಧ್ವನಿಮಾಶಾಸ್ತ್ರದ ಗ್ರಂಥದಲ್ಲಿ, ಭೇದ ಅಳಿಸಿಹೋಗುವ ಇಂಥ ಜಾಗದಲ್ಲಿ ಇಬ್ಬರಲ್ಲಿ ಯಾರದೂ ಅಲ್ಲದ, ಇಬ್ಬರಿಗೂ ಸಮಾನವಾದ ಘಟಕವನ್ನು ಕಾಣಬೇಕು ಎಂದು ವಾದಿಸಿದರು. ನನ್ನ ಮನಸ್ಸು ಇವರ ಕಡೆಗೇ ವಾಲುತ್ತದೆ, ಆಯ್ಕೆಯೇ ಇಲ್ಲದ ಕಡೆ ಆಯ್ಕೆಯಾಗಿದೆ ಎಂದು ಬರೆಯಲು ಕೈ ಬರುವುದಿಲ್ಲ. ಪಕ್ಕದ ತಮಿಳಿನ ಸಂಗತಿ ಇದಕ್ಕೆ ತಲೆಕೆಳಗು: ಲಿಪಿಯಲ್ಲಿ ಈ ನಕಾರಗಳಿಗೆ ಎರಡು ಅಕ್ಷರಗಳಿವೆ, ಆದರೆ ಅವು ಬಹುಮಟ್ಟಿಗೆ ಜಾಗ ಹಂಚಿಕೊಂಡು ಬಿಟ್ಟಿವೆ.

ಒಂದು ರಾತ್ರಿ ಟಿಪ್ಪಣಿಗಳನ್ನು ತಿರುವುವಾಗ ಕನ್ನಡವೇ ಎದ್ದು ಬಂತು. ಹಲ್ಲಿನ ನಕಾರದ ಪನ್ನಿ ನಮ್ಮ ಹಂದಿ, ಒನ್ನ್ ನಮ್ಮ ಒಂದು, ಎನ್ನ್ ನಮ್ಮ ಎಂದು. ವಸಡಿನ ನಕಾರದ ‘ಎನ್ನ್-’ ಮಾತ್ರ ವಚನಗಳಲ್ಲಿ ಬರುವ ನಮ್ಮ ‘ಎನ್ನ’. ಹಳೆಯದೊಂದು ಕೂಡುವ್ಯಂಜನ ನಮ್ಮಲ್ಲಿ ‘ಂದ’ ಆಗಿ, ಅವರಲ್ಲಿ ಹಲ್ಲಿನ ‘ನ್ನ’ ಆಗಿ ಉಳಿದಿದೆ. ಎಂದರೆ, ಎನ್ನಿಂದ ಎಂದು ನಾವು ನಿಚ್ಚಳವಾಗಿ ಬೇರೆ ಮಾಡುವುದನ್ನು ಚೇಚಿ ನಾಲಿಗೆಯ ಒಂದು ಸಣ್ಣ ಸರಿತದಲ್ಲಿ ಬೇರೆ ಮಾಡುತ್ತಾರೆ. ಮಲಯಾಳದ ಧ್ವನಿಮಾ ನಿರ್ಣಯಕ್ಕೆ ಇದನ್ನು ಸಾಕ್ಷಿಯಾಗಿ ತರುವಂತಿಲ್ಲ. ಆ ನಿರ್ಣಯ ಇವತ್ತು ಆಡುವವರ ಬಾಯಿ-ಕಿವಿಗಳಲ್ಲೇ ಆಗಬೇಕು. ನನ್ನ ಕಿವಿಗೆ ಮಾತ್ರ ಅದೊಂದು ಊರುಗೋಲಾಯಿತು. ‘ಎಂದರೆ’ ಎಂದು ನೆನೆದು ನಾಲಿಗೆಯನ್ನು ಹಲ್ಲಿಗೆ ತಂದೆ, ‘ಎನ್ನಿಂದ’ ಎಂದು ನೆನೆದು ಹಿಂದಕ್ಕೆ ಸರಿಸಿದೆ.

ಮರುದಿನ ಮೆಟ್ಟಿಲ ಮೇಲೆ ಕೂತು ಎರಡನ್ನೂ ಒಂದರ ಹಿಂದೊಂದು ಸೇರಿಸಿ, ಹಾಗಾದರೆ ನನ್ನಿಂದ ಆಗುವುದನ್ನು ಮಾಡುತ್ತೇನೆ ಎಂಬರ್ಥದ ಮಲಯಾಳದ ವಾಕ್ಯ ಹೇಳಿದೆ. ಚೇಚಿ ಹೆಚ್ಚುತ್ತಿದ್ದ ಹೀರೇಕಾಯಿ ಕೆಳಗಿಟ್ಟು ನನ್ನ ಬಾಯನ್ನೇ ನೋಡಿದರು. “ಮೊದಲನೇದು ಸರಿಯಾಯ್ತು. ಎರಡನೇದು ಇನ್ನೂ ಹಲ್ಲಿಗೇ ತಾಗ್ತಿದೆ, ಇನ್ನೊಂದ್ಸಲ ಹೇಳಿ” ಎಂದರು.