ಲೆನ್ಸ್‌ಗೆ ತೋರ್ಸಿದ ಕಳೆ, ಜೊತೆಗೆ ಹೋದ ಪಾಸ್‌ಬುಕ್ಕು

ನಾಟಿ ಹಾಕಿ ಇಪ್ಪತ್ತು ದಿನ ಆಗಿತ್ತು. ಆತಗೂರಿನ ನಮ್ಮ ಗದ್ದೇಲಿ ಅಲ್ಲಲ್ಲಿ ಕೆಲವು ಪೈರು ಮಿಕ್ಕವಕ್ಕಿಂತ ಜೋರಾಗಿ ಎದ್ದಿದ್ವು. ಬತ್ತವೋ ಕಳೆಯೋ ಗೊತ್ತಾಗ್ದೆ, ಬದದ ಮೇಲೆ ನಿಂತ್ಕೊಂಡೇ ಗೂಗಲ್ ಲೆನ್ಸ್‌ನಲ್ಲಿ ಫೋಟೊ ಹೊಡೆದೆ. ಬತ್ತ ಅಂತ ಬಂತು. ತಪ್ಪು ನಂದೇ. ಫೋಟೊ ತುಂಬಾ ಬತ್ತಾನೇ ಇತ್ತಲ್ಲ!

ಪಕ್ಕದ ಗದ್ದೆ ಅಣ್ಣ ಬಂದು, "ಸಂದು ನೋಡಪ್ಪ" ಅಂದ್ರು. ಎಲೆ ಕಾಂಡಕ್ಕೆ ಸೇರೋ ಕಡೆ ಬಗ್ಗಿಸಿ ನೋಡಿದ್ರೆ ಬತ್ತದಲ್ಲಿ ತೆಳ್ಳಗೆ ಬಿಳೀ ಪೊರೆ ಇರುತ್ತೆ, ಅದರ ಪಕ್ಕ ಕಿವಿ ಥರ ಪುಟ್ಟ ಕೊಕ್ಕೆ, ಅದಕ್ಕೆ ಕೂದಲು. ಈ ಪೈರಲ್ಲಿ ಎರಡೂ ಇಲ್ಲ, ನುಣ್ಣಗೆ ಬೋಳು. ಒಂದು ಗಿಡ ಕಿತ್ತು ತೊಳೆದು, ಬಿಳೀ ಟವೆಲ್ ಮೇಲಿಟ್ಟು ಆ ಸಂದನ್ನೇ ಹತ್ತಿರದಿಂದ ಹೊಡೆದೆ. ಈ ಸಲ Echinochloa ಅಂತ ಬಂತು. ಹಾಗಿದ್ರೂ ಔಷಧಿ ಹೊಡೆಯೋ ಮುಂಚೆ ಹತ್ತು ಗಿಡದ ಸಂದನ್ನ ಕೈಯಲ್ಲೇ ಬಗ್ಗಿಸಿ ನೋಡ್ದೆ. ಲೆನ್ಸ್ ಹೇಳೋದು ಹೋಲಿಕೆ ಅಷ್ಟೇ. ಸಂದು ಕಾಣದ ಫೋಟೊದಲ್ಲಿ ಅದಾದ್ರೂ ಏನು ಹೋಲಿಸೀತು?

ಸಂಜೆ ಕಳೆನಾಶಕದ ಲೇಬಲ್ ಕನ್ನಡಕ್ಕೆ ಮಾಡ್ಕೊಳ್ಳೋಣ ಅಂತ ಬಾಟ್ಲಿನ ಮೇಜಿನ ಮೇಲಿಟ್ಟು ಹೊಡೆದೆ. ಮಗಳು ನೋಡಿ, "ಅಪ್ಪ, ಪಾಸ್‌ಬುಕ್ಕೂ ಹೋಯ್ತು" ಅಂದ್ಲು. ಬಾಟ್ಲಿ ಕೆಳಗೆ ಬ್ಯಾಂಕ್ ಪುಸ್ತಕ ತೆರೆದೇ ಇತ್ತು, ಖಾತೆ ನಂಬರೂ ಕಾಣ್ತಿತ್ತು.

"ನಾನು ಬಾಟ್ಲಿ ಸುತ್ತ ಮಾತ್ರ ತಾನೆ ಗೆರೆ ಎಳೆದಿದ್ದು" ಅಂದೆ.

"ಅದು ಎಲ್ಲಿ ಹುಡುಕ್ಬೇಕು ಅಂತ ತೋರ್ಸೋಕೆ. ಫೋಟೊ ಅಷ್ಟೊತ್ತಿಗೆ ಹೋಗಿರುತ್ತೆ."

ನಂಬದೆ ಡೇಟಾ ಆಫ್ ಮಾಡಿ ಅದೇ ಗಿಡ ತೋರ್ಸಿದೆ. ಹುಡುಕಲೇ ಇಲ್ಲ. ಗಿಡ ಗುರುತಿಸೋ ಕೆಲಸ ಫೋನಿಂದಲ್ಲ. ಫೋಟೊ ಗೂಗಲ್ ಸರ್ವರ್‌ಗೆ ಹೋಗಿ, ಅಲ್ಲಿರೋ ಚಿತ್ರಗಳ ಜೊತೆ ಹೋಲಿಕೆ ಆಗಿ ಉತ್ತರ ವಾಪಸ್ ಬರುತ್ತೆ.

ಆಮೇಲೆ ಅವಳೇ ಗೂಗಲ್ ಖಾತೆಯ Web & App Activity ತೆಗೆದು Visual Search History ಅನ್ನೋದನ್ನ ತೋರ್ಸಿದ್ಲು. ಅಲ್ಲಿ ಟಿಕ್ ಇದ್ರೆ ಹುಡುಕಿದ ಫೋಟೊಗಳು ನಮ್ಮ ಖಾತೇಲಿ ಉಳೀತವೆ. ಟಿಕ್ ತೆಗೆದ್ರೆ ಮುಂದೆ ಅಲ್ಲಿ ಉಳಿಯಲ್ಲ, ಆದ್ರೆ ಹುಡುಕೋಕೆ ಫೋಟೊ ಕಳಿಸೋದು ನಿಲ್ಲಲ್ಲ. ಇದೇ ಜಾಗದಲ್ಲಿ ನಾನು ಎಡವಿದ್ದು. ಆಫ್ ಮಾಡಿದ್ಮೇಲೆ ಏನೂ ಹೋಗಲ್ಲ ಅನ್ಕೊಂಡಿದ್ದೆ. ಹಳೇವನ್ನ myactivity.google.com ನಲ್ಲಿ ಹುಡುಕಿ ಅಳಿಸಬೇಕು.

ಈಗ ಮೊದಲು ಮಾಮೂಲಿ ಕ್ಯಾಮೆರಾದಲ್ಲೇ ಹೊಡೀತೀನಿ. ಗ್ಯಾಲರೀಲಿ ಅಂಚು ಕತ್ತರಿಸಿ, ಆ ತುಂಡನ್ನೇ ಲೆನ್ಸ್‌ಗೆ ಕೊಡ್ತೀನಿ. ಸಂದೂ ಚೆನ್ನಾಗಿ ಕಾಣುತ್ತೆ, ಪಹಣಿ ಆಧಾರ್ ಏನಿದ್ರೂ ಆಚೆ ಉಳಿಯುತ್ತೆ. ಮೇಜಿನ ಮೇಲಿದ್ದ ಪಾಸ್‌ಬುಕ್ಕು ಅವತ್ತೇ ಬೀರು ಸೇರ್ತು.