ಹಸೆ ಚಿತ್ತಾರ, ಭದ್ರಾವತಿಯ ದೇವಸ್ಥಾನ ಮತ್ತು 1024 ಅಂಕಿಗಳು

ಮೊದಲೇ ಹೇಳಿಬಿಡ್ತೀನಿ, ಈ ಸಲದ ಬರಹದಲ್ಲಿ ಸ್ವಲ್ಪ ಗಣಿತ ಇದೆ. ಹೆದರಬೇಡಿ, ಇರೋದು ಒಂದೇ ಸೂತ್ರ. ಅದರಲ್ಲಿ ಬರೋದೂ ನಾವೆಲ್ಲ ಪಿಯುಸಿಯಲ್ಲಿ ಬೈದುಕೊಂಡು ಓದಿದ ಸರಾಸರಿ ಮತ್ತು ಸ್ಟ್ಯಾಂಡರ್ಡ್ ಡೀವಿಯೇಷನ್ ಅಷ್ಟೇ. ಗಣಿತ ಬೇಡ ಅನ್ನುವವರು ಮಧ್ಯದ ಎರಡು ಪ್ಯಾರಾ ಹಾರಿಸಿಕೊಂಡು ಓದಬಹುದು :)

ನನ್ನ ಗೆಳೆಯನೊಬ್ಬ ಶಿವಮೊಗ್ಗದಲ್ಲಿ ಡಿಟಿಪಿ ಮತ್ತು ಲಗ್ನಪತ್ರಿಕೆಯ ಅಂಗಡಿ ಇಟ್ಟಿದ್ದಾನೆ. ಇತ್ತೀಚೆಗೆ ಗಿರಾಕಿಗಳು ಮೊಬೈಲಿನಲ್ಲಿ ಯಾವುದೋ ಚಿತ್ರ ತೋರಿಸಿ "ನಮ್ಮ ಮನೆ ಫೋಟೋನ ಈ ಥರ ಪೇಂಟಿಂಗ್ ಮಾಡಿಕೊಡಿ" ಅಂತಾರಂತೆ. ಒಬ್ಬರದ್ದು ಮೈಸೂರು ಶೈಲಿಯ ಚಿತ್ರ, ಇನ್ನೊಬ್ಬರದ್ದು ಜಲವರ್ಣ, ಮತ್ತೊಬ್ಬರದ್ದು ಯಾವುದೋ ಕ್ಯಾಲೆಂಡರ್. ಕೊನೆಗೆ ಅವನ ಮನೆಯಲ್ಲೇ ತಂಗಿಯ ಮದುವೆ ನಿಶ್ಚಯವಾಯಿತು. ಗಂಡಿನ ಕಡೆಯವರು ಭದ್ರಾವತಿಯವರು. ಪತ್ರಿಕೆಯ ಮೇಲೆ ಭದ್ರಾವತಿ ಹಳೇನಗರದ ಲಕ್ಷ್ಮೀನರಸಿಂಹ ದೇವಸ್ಥಾನ ಬರಬೇಕು, ಅದು ಹಸೆ ಚಿತ್ತಾರದ ಹಾಗೆ ಕಾಣಬೇಕು ಅಂತ ಆಸೆ. ಸಾಗರದ ಕಡೆಯ ಅವನ ದೊಡ್ಡಮ್ಮ ಚೆನ್ನಾಗಿ ಚಿತ್ತಾರ ಬರೀತಾರೆ. ನಮ್ಮ ಜಿಲ್ಲೆಯ ದೀವರ ಮನೆಗಳಲ್ಲಿ ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಿಂದ ಹೆಂಗಸರು ಬರೆಯುವ ಕಲೆ ಅದು, ಮದುವೆಯಲ್ಲಿ ಅದಿಲ್ಲದೆ ಆಗೋದಿಲ್ಲ. "ನೀನು ಇಂಜಿನಿಯರ್ ಅಲ್ವೇನೋ ಮಾರಾಯ, ಮಾಡಿಕೊಡು. ಇಪ್ಪತ್ತು ದಿನ ಇದೆ ಪ್ರಿಂಟಿಗೆ" ಅಂದ.

ಇಂಥ ಕೆಲಸಕ್ಕೆ ಸ್ಟೈಲ್ ಟ್ರಾನ್ಸ್‌ಫರ್ ಅಂತ ಹೆಸರು. ಒಂದು ಫೋಟೋದ ವಿಷಯ, ಇನ್ನೊಂದು ಚಿತ್ರದ ಶೈಲಿ, ಎರಡನ್ನೂ ಸೇರಿಸಿ ಮೂರನೆಯ ಚಿತ್ರ. 2015ರಲ್ಲಿ ಗೇಟಿಸ್ ಮತ್ತು ಜೊತೆಯವರು ಇದನ್ನು ನ್ಯೂರಲ್ ನೆಟ್‌ವರ್ಕ್ ಬಳಸಿ ಮೊದಲು ಚೆನ್ನಾಗಿ ಮಾಡಿ ತೋರಿಸಿದರು. ಆದರೆ ಅವರ ವಿಧಾನದಲ್ಲಿ ಪ್ರತಿ ಚಿತ್ರಕ್ಕೂ ಕಂಪ್ಯೂಟರ್ ನೂರಾರು ಸಲ ತಿದ್ದಿ ತಿದ್ದಿ ನಿಮಿಷಗಟ್ಟಲೆ ಕೂರಬೇಕಿತ್ತು. 2016ರಲ್ಲಿ ಜಾನ್ಸನ್ ಮತ್ತು ಇತರರು ಬೇರೆ ದಾರಿ ಹಿಡಿದರು. ಒಂದು ಶೈಲಿಗೆ ಒಂದು ಪುಟ್ಟ ನೆಟ್‌ವರ್ಕ್. ಅದಕ್ಕೆ ಮೊದಲೇ ತರಬೇತಿ ಕೊಟ್ಟಿಟ್ಟರೆ ಆಮೇಲೆ ಯಾವ ಫೋಟೋ ಕೊಟ್ಟರೂ ಕಣ್ಣು ಮಿಟುಕಿಸುವಷ್ಟರಲ್ಲಿ ಆ ಶೈಲಿಯಲ್ಲಿ ಬರುತ್ತದೆ. ತರಬೇತಿಗೆ ಅವರು ಸುಮಾರು 80,000 ಫೋಟೋ ಬಳಸಿದರು, ಒಂದು ಸಲಕ್ಕೆ 4 ಫೋಟೋದಂತೆ 40,000 ಸುತ್ತು. ಆಗಿನ ಟೈಟಾನ್ ಎಕ್ಸ್ ಕಾರ್ಡಿನಲ್ಲಿ ಒಂದು ಶೈಲಿಗೆ ಹೆಚ್ಚುಕಡಿಮೆ 4 ಗಂಟೆ.

ಒಂದೇ ಶೈಲಿ ಸಾಕು ಅನ್ನುವವರಿಗೆ ಇದು ಬಹಳ ಚೆನ್ನ. ಲಗ್ನಪತ್ರಿಕೆಯ ಅಂಗಡಿಗೆ? ಗಿರಾಕಿ ಎದುರು ನಿಂತು ಹೊಸ ಚಿತ್ರ ತೋರಿಸಿದರೆ "4 ಗಂಟೆ ಬಿಟ್ಟು ಬನ್ನಿ, ಚೆನ್ನಾಗಿ ಬರಲಿಲ್ಲ ಅಂದ್ರೆ ಇನ್ನೊಂದು 4 ಗಂಟೆ" ಅನ್ನೋಕಾಗುತ್ತಾ?

ಈ ಗಂಟು ಬಿಚ್ಚಿದ ಕಥೆ ನನಗೆ ತುಂಬ ಇಷ್ಟ. ಆ ಪುಟ್ಟ ನೆಟ್‌ವರ್ಕುಗಳ ಒಳಗೆ ಇನ್‌ಸ್ಟೆನ್ಸ್ ನಾರ್ಮಲೈಸೇಷನ್ ಅನ್ನುವ ಒಂದು ಹಂತ ಇರುತ್ತದೆ. ಚಿತ್ರದ ಪ್ರತಿ ಚಾನೆಲ್ಲಿನ ಸರಾಸರಿ ಕಳೆದು, ಏರಿಳಿತದಿಂದ ಭಾಗಿಸಿ, ಆಮೇಲೆ ತಾನು ಕಲಿತ ಒಂದು ಅಂಕಿಯಿಂದ ಗುಣಿಸಿ ಇನ್ನೊಂದನ್ನು ಕೂಡಿಸುತ್ತದೆ. ಡುಮುಲಾನ್ ಮತ್ತು ಜೊತೆಯವರು 2016ರ ಕೊನೆಯಲ್ಲಿ ಒಂದು ಮಜಾ ಸಂಗತಿ ತೋರಿಸಿದರು. ನೆಟ್‌ವರ್ಕಿನ ಮಿಕ್ಕದ್ದನ್ನೆಲ್ಲ ಹಾಗೇ ಬಿಟ್ಟು, ಈ ಗುಣಿಸುವ ಮತ್ತು ಕೂಡಿಸುವ ಅಂಕಿಗಳನ್ನಷ್ಟೇ ಬದಲಾಯಿಸಿದರೆ ಒಂದೇ ನೆಟ್‌ವರ್ಕ್ 32 ಶೈಲಿಗಳಲ್ಲಿ ಬರೆಯುತ್ತೆ! ಅಂದರೆ ಶೈಲಿ ಅಡಗಿ ಕೂತಿರೋದು ಆ ಎರಡು ಸಾಲು ಅಂಕಿಗಳಲ್ಲಿ. ಆದರೂ 33ನೇ ಶೈಲಿ ಬಂದರೆ ಅದರ ಅಂಕಿಗಳನ್ನು ಮತ್ತೆ ಕಲಿಸಬೇಕು. 2017ರಲ್ಲಿ ಹುವಾಂಗ್ ಮತ್ತು ಬೆಲೊಂಗಿ, ಆ ಅಂಕಿಗಳನ್ನು ಕಲಿಸೋದೇ ಯಾಕೆ, ಶೈಲಿಯ ಚಿತ್ರವನ್ನೇ ಅಳೆದು ತೆಗೆದುಕೊಂಡರಾಯಿತಲ್ಲ ಅಂದರು. ಅದೇ ಅಡಾಪ್ಟಿವ್ ಇನ್‌ಸ್ಟೆನ್ಸ್ ನಾರ್ಮಲೈಸೇಷನ್, ಪ್ರೀತಿಯಿಂದ ಅಡಾಇನ್.

ದೇವಸ್ಥಾನದ ಫೋಟೋ ಇಟ್ಟುಕೊಂಡೇ ನೋಡೋಣ. 512x512 ಅಳತೆಗೆ ತಂದ ಫೋಟೋವನ್ನು ವಿಜಿಜಿ-19 ಅನ್ನುವ, ಚಿತ್ರ ಗುರುತಿಸಲು ಮೊದಲೇ ಕಲಿತ ನೆಟ್‌ವರ್ಕಿಗೆ ಕೊಟ್ಟು `relu4_1` ಎಂಬ ಪದರದಲ್ಲಿ ನಿಲ್ಲಿಸಬೇಕು. ಅಲ್ಲಿ ಫೋಟೋ 64x64 ಚೌಕಗಳ ಜಾಲವಾಗಿ ಕುಗ್ಗಿರುತ್ತದೆ, ಆದರೆ ಅಂಥ 512 ಪದರ, ಅಂದರೆ ಚಾನೆಲ್ ಇರುತ್ತವೆ. ಒಂದೊಂದು ಚಾನೆಲ್ ಒಂದೊಂದು ಬಗೆಯ ವಿನ್ಯಾಸಕ್ಕೆ ಮಿಡಿಯುತ್ತದೆ ಅಂದುಕೊಳ್ಳಿ. ದೊಡ್ಡಮ್ಮನ ಗೋಡೆಯ ಫೋಟೋವನ್ನೂ ಹಾಗೇ ಮಾಡಬೇಕು. ಆಮೇಲಿನದು ಇಷ್ಟೇ:

```python
def adain(c, s, eps=1e-5):
    cm, cd = c.mean((2,3), keepdim=True), c.std((2,3), keepdim=True)
    sm, sd = s.mean((2,3), keepdim=True), s.std((2,3), keepdim=True)
    return sd * (c - cm) / (cd + eps) + sm
```

ಒಂದು ಚಾನೆಲ್ ತೆಗೆದುಕೊಳ್ಳಿ. ದೇವಸ್ಥಾನದಲ್ಲಿ ಅದರ ಸರಾಸರಿ 2, ಏರಿಳಿತ 4. ಚಿತ್ತಾರದಲ್ಲಿ ಸರಾಸರಿ 5, ಏರಿಳಿತ 1.5. ಗೋಪುರದ ಅಂಚಿನ ಒಂದು ಚೌಕದಲ್ಲಿ ಬೆಲೆ 10 ಇದೆ ಅಂದರೆ, 10ರಲ್ಲಿ 2 ಕಳೆದು 4ರಿಂದ ಭಾಗಿಸಿದರೆ 2. ಅದನ್ನು 1.5ರಿಂದ ಗುಣಿಸಿ 5 ಕೂಡಿಸಿದರೆ 8. ಆಕಾಶದ ಚೌಕದಲ್ಲಿ ಬೆಲೆ 0 ಇದ್ದದ್ದು ಇದೇ ಲೆಕ್ಕದಲ್ಲಿ 4.25 ಆಗುತ್ತದೆ. ಗಮನಿಸಿ, ಎಲ್ಲಿ ಹೆಚ್ಚಿತ್ತೋ ಅಲ್ಲಿ ಈಗಲೂ ಹೆಚ್ಚು, ಎಲ್ಲಿ ಕಡಿಮೆ ಇತ್ತೋ ಅಲ್ಲಿ ಕಡಿಮೆ. ಅದಕ್ಕೇ ದೇವಸ್ಥಾನ ದೇವಸ್ಥಾನವಾಗಿಯೇ ಉಳಿಯೋದು. ಆದರೆ ಸೊನ್ನೆ ಇದ್ದ ಆಕಾಶಕ್ಕೂ 4.25 ಬಂತಲ್ಲ, ಆ ತರಲೆಗೆ ಆಮೇಲೆ ಬರ್ತೀನಿ.

ಹೀಗೆ ಬದಲಾದ ಅಂಕಿಗಳನ್ನು ಮತ್ತೆ ಚಿತ್ರವಾಗಿಸುವುದು ಡೀಕೋಡರ್. ಇಡೀ ವ್ಯವಸ್ಥೆಯಲ್ಲಿ ತರಬೇತಿ ಬೇಕಾಗಿರೋದು ಇದೊಂದಕ್ಕೇ, ಅದೂ ಒಂದೇ ಸಲ. ಮೂಲ ಲೇಖಕರು ಸುಮಾರು 80,000 ಫೋಟೋ ಮತ್ತು ಅಷ್ಟೇ ಸಂಖ್ಯೆಯ ಕಲಾಕೃತಿಗಳನ್ನು ಬಳಸಿ ಕಲಿಸಿದ್ದಾರೆ. ಡೀಕೋಡರಿನೊಳಗೆ ಯಾವ ನಾರ್ಮಲೈಸೇಷನ್ನೂ ಇಟ್ಟಿಲ್ಲ, ಇಟ್ಟರೆ ಕಷ್ಟಪಟ್ಟು ಕೂರಿಸಿದ ಅಂಕಿಗಳನ್ನು ಅದೇ ಅಳಿಸಿಹಾಕುತ್ತದೆ. ತಯಾರಾದ ಡೀಕೋಡರ್ ನೆಟ್‌ನಲ್ಲಿ ಸಿಗುತ್ತದೆ. ಹಾಗಾಗಿ ನನ್ನ ಸಾದಾ ಲ್ಯಾಪ್‌ಟಾಪಿನಲ್ಲೇ ಕೆಲವು ಸೆಕೆಂಡಿಗೆ ಒಂದು ಚಿತ್ರ. ಗೆಳೆಯನ ಗಿರಾಕಿಗಳು ತಂದ ಶೈಲಿಗಳನ್ನೆಲ್ಲ ಒಂದು ಸಂಜೆಯಲ್ಲಿ ಹಾಕಿ ನೋಡಿದೆವು. ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಹಳೇ ಚಿಮಣಿಗಳ ಫೋಟೋ ಮೇಲೆ ದಪ್ಪ ಕುಂಚದ ತೈಲವರ್ಣ ಹಾಕಿದ್ದು ಎಷ್ಟು ಚೆನ್ನಾಗಿ ಬಂತೆಂದರೆ ಅವನು ಅದನ್ನು ಅಂಗಡಿಯಲ್ಲಿ ಫ್ರೇಮ್ ಹಾಕಿಸಿದ್ದಾನೆ.

ಚಿತ್ತಾರ ಮಾತ್ರ ಬಗ್ಗಲಿಲ್ಲ.

ಬಣ್ಣ ಬಂತು, ಕೆಂಪು ಗೋಡೆ ಬಿಳಿ ಗೆರೆ ಅನ್ನುವ ಭಾವ ಬಂತು. ಆದರೆ ಗೆರೆಗಳು ಮಳೆಗೆ ನೆನೆದ ರಂಗೋಲಿಯ ಹಾಗೆ ಕದಡಿದ್ದವು. ಆಕಾಶದ ತುಂಬ ಬೇಡದ ಗೀಟು. ದೊಡ್ಡಮ್ಮ ಮೊಬೈಲನ್ನು ಹತ್ತಿರ ಹಿಡಿದು ನೋಡಿ ಕೇಳಿದ್ದು ಒಂದೇ ಪ್ರಶ್ನೆ, "ಬಣ್ಣ ನಮ್ಮದೇಯ. ಎಳೆ ಎಲ್ಲೈತೆ ತಮ್ಮಾ?"

ಎಳೆ ಯಾಕೆ ಬರಲಿಲ್ಲ ಅಂತ ಯೋಚಿಸಿದರೆ ಉತ್ತರ ಆ ಸೂತ್ರದಲ್ಲೇ ಇದೆ. ದೊಡ್ಡಮ್ಮನ ಇಡೀ ಗೋಡೆಯಿಂದ ಅಡಾಇನ್ ತೆಗೆದುಕೊಳ್ಳೋದು 512 ಸರಾಸರಿ ಮತ್ತು 512 ಏರಿಳಿತ, ಒಟ್ಟು 1024 ಅಂಕಿ. ಯಾವ ಗೆರೆ ಎಲ್ಲಿತ್ತು ಅನ್ನುವ ಮಾಹಿತಿ ಸರಾಸರಿ ತೆಗೆದ ಕ್ಷಣವೇ ಹೋಯಿತು. ಇದನ್ನು ನೀವೂ ಪರೀಕ್ಷಿಸಬಹುದು. ಶೈಲಿಯ ಚಿತ್ರವನ್ನು ನಾಲ್ಕು ತುಂಡು ಮಾಡಿ ಅದಲುಬದಲು ಜೋಡಿಸಿ ಕೊಡಿ. ನಾನು ಚಿತ್ತಾರವನ್ನು ಹಾಗೆ ಕೆಡಿಸಿ ಕೊಟ್ಟೆ, ಬಂದ ಚಿತ್ರದಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸವೇ ಇರಲಿಲ್ಲ. ನಾಲ್ಕು ಮೂಲೆಯಿಂದ ಅಳೆದು ಬರೆದ ಹಸೆಗೂ ಅದರ ಚೂರುಗಳಿಗೂ ಯಂತ್ರದ ಕಣ್ಣಲ್ಲಿ ಫರಕಿಲ್ಲ! ಇನ್ನೊಂದು ಕಾರಣವೂ ಇದೆ. `relu4_1`ರಲ್ಲಿ ಒಂದು ಚೌಕದಿಂದ ಪಕ್ಕದ ಚೌಕಕ್ಕೆ ಮೂಲ ಚಿತ್ರದ 8 ಪಿಕ್ಸೆಲ್ ಅಂತರ. ಚಿತ್ತಾರದ ಗೆರೆ ನನ್ನ ಫೋಟೋದಲ್ಲಿ 3 ಪಿಕ್ಸೆಲ್ ದಪ್ಪ. ಅಷ್ಟು ಸಣ್ಣ ವಿವರವನ್ನು ಡೀಕೋಡರ್ ಊಹಿಸಿಯೇ ಬರೆಯಬೇಕು, ಅದು ಕಲಿತಿದ್ದೋ ಹೆಚ್ಚಾಗಿ ಪಾಶ್ಚಾತ್ಯ ವರ್ಣಚಿತ್ರಗಳಿಂದ. ಕುಂಚದ ಬೀಸು ಅದಕ್ಕೆ ಸಲೀಸು, ನಾರಿನ ನೇರ ಗೆರೆ ಅಲ್ಲ.

ಸ್ವಲ್ಪ ರಿಪೇರಿ ಸಾಧ್ಯ. ಬದಲಾದ ಅಂಕಿಗಳನ್ನು ಮೂಲ ಅಂಕಿಗಳ ಜೊತೆ ಬೆರೆಸಿ ಶೈಲಿಯನ್ನು ತೆಳು ಮಾಡಬಹುದು, 60 ಪಾಲು ಹೊಸದು 40 ಪಾಲು ಹಳೆಯದು ಅನ್ನುವ ಹಾಗೆ. ಆಕಾಶಕ್ಕೆ ಬೇರೆ, ಗುಡಿಗೆ ಬೇರೆ ಅಂತ ಮುಸುಕು ಹಾಕಿ ಅಡಾಇನ್ ನಡೆಸಬಹುದು. ನಾನು ಆಕಾಶಕ್ಕೆ ಬರೀ ಕೆಮ್ಮಣ್ಣಿನ ಗೋಡೆಯ ಫೋಟೋ ಕೊಟ್ಟೆ, ಗೀಟು ಹೋಯಿತು. ಶೈಲಿಯ ಚಿತ್ರವನ್ನು ದೊಡ್ಡದು ಮಾಡಿ ಕೊಟ್ಟರೆ ಗೆರೆಯೂ ದಪ್ಪವಾಗಿ ತುಸು ಸ್ಪಷ್ಟವಾಗುತ್ತದೆ.

ಹಾಗಾದರೆ ಒಂದು ಶೈಲಿಗೆ ಒಂದು ಮಾದರಿ ಅನ್ನುವ ಹಳೇ ದಾರಿಯೇ ವಾಸಿಯೇ? ಒಂದು ರಾತ್ರಿ ಜಿಪಿಯು ಬಾಡಿಗೆಗೆ ತೆಗೆದುಕೊಂಡು ಚಿತ್ತಾರಕ್ಕೇ ಮೀಸಲಾದ ನೆಟ್‌ವರ್ಕಿಗೆ ತರಬೇತಿ ಕೊಟ್ಟೆ. ಅಲ್ಲಿ ಶೈಲಿಯನ್ನು ಅಳೆಯೋದು ಗ್ರಾಮ್ ಮ್ಯಾಟ್ರಿಕ್ಸಿನಿಂದ. ಪ್ರತಿ ಚಾನೆಲ್ ಮತ್ತೊಂದರ ಜೊತೆ ಎಷ್ಟು ಸಲ ಒಟ್ಟಿಗೆ ಮಿಡಿಯುತ್ತದೆ ಅನ್ನುವ ಲೆಕ್ಕ ಅದು, 512 ಚಾನೆಲ್ ಇದ್ದ ಕಡೆ 512x512ರ ಕೋಷ್ಟಕ. ಬಿಳಿ ಗೆರೆಯ ಪಕ್ಕ ಕೆಂಪೇ ಬರಬೇಕು ಅನ್ನುವಂಥ ಜೋಡಿಗಳು ಅದರಲ್ಲಿ ಉಳಿಯುತ್ತವೆ, ಸಣ್ಣ ವಿವರ ಹಿಡಿಯುವ ಆರಂಭದ ಪದರಗಳಲ್ಲೂ ಉಳಿಯುತ್ತವೆ. ಜೊತೆಗೆ ಇಡೀ ನೆಟ್‌ವರ್ಕ್ ಈ ಒಂದು ಗೋಡೆಗಾಗಿಯೇ ಪಳಗಿರುತ್ತದೆ. ಗೆರೆ ನಿಜಕ್ಕೂ ಚೂಪಾಗಿ ಬಂತು, ಚೌಕದೊಳಗಿನ ಓರೆ ಗೀಟುಗಳೂ ಗುರುತು ಸಿಕ್ಕವು. ಆದರೆ ಗ್ರಾಮ್ ಕೂಡ ಚಿತ್ರದುದ್ದಕ್ಕೂ ಕೂಡಿಸಿದ ಮೊತ್ತವೇ, ಸ್ಥಾನದ ಹಂಗು ಅದಕ್ಕೂ ಇಲ್ಲ. ಗೆರೆಗಳು ಗೋಪುರದ ಮೇಲೆ ಬಟ್ಟೆಯ ಪ್ರಿಂಟಿನ ಹಾಗೆ ಹರಡಿಕೊಂಡವು, ಹಸೆಯ ಚೌಕಟ್ಟು ಕಟ್ಟಿಕೊಳ್ಳಲೇ ಇಲ್ಲ.

ಅಂಗಡಿಗೆ ನಾನು ಇನ್‌ಸ್ಟಾಲ್ ಮಾಡಿಕೊಟ್ಟಿದ್ದು ಅಡಾಇನ್. ದಿನಕ್ಕೊಂದು ಶೈಲಿ ಬರುವಲ್ಲಿ ಬೇರೆ ದಾರಿ ನನಗೆ ಕಾಣಲಿಲ್ಲ. ಮದುವೆ ಪತ್ರಿಕೆಗೆ ಮಾತ್ರ ಚರ್ಚೆಯೇ ನಡೆಯಲಿಲ್ಲ. ಎರಡೂ ಪ್ರಿಂಟ್ ತೆಗೆದು ಕೊಟ್ಟಾಗ ದೊಡ್ಡಮ್ಮ ಅವನ್ನು ಪಕ್ಕಕ್ಕಿಟ್ಟು, ದೇವಸ್ಥಾನದ ಸಾದಾ ಫೋಟೋ ಕೇಳಿ ಇಸಕೊಂಡರು. ಮೂರು ದಿನ ಬಿಟ್ಟು ಕೆಂಪು ಹಾಳೆಯ ಮೇಲೆ ಮೂರು ಗರ್ಭಗುಡಿಯನ್ನೂ ಚೌಕ ಚೌಕವಾಗಿ ಎಳೆ ಎಣಿಸಿ ಬರೆದು ಕಳಿಸಿದರು. ಅದನ್ನೇ ಸ್ಕ್ಯಾನ್ ಮಾಡಿ ಹಾಕಿದೆವು. ಒಳಪುಟದಲ್ಲಿ ಅಕ್ಷರಗಳ ಹಿಂದೆ ತೆಳುವಾಗಿ ಕಾಣುವ ಕೆಂಪು ಛಾಯೆ ಮಾತ್ರ ಅಡಾಇನ್‌ದು, 60 ಪಾಲಿನದು.