ನೀಲಿ ಗೆರೆ ನಂಬಿ ಕೆಟ್ಟೆ

ನಮ್ಮ ನಾರಾವಿಯ ಮಳೆ ನಿಮಗೆ ಗೊತ್ತಿಲ್ಲದಿರಬಹುದು. ಘಟ್ಟದ ಬುಡದ ಊರು. ಅಂಥ ಮಳೆಯ ಒಂದು ಭಾನುವಾರ, ಮೂರು ಗಂಟೆಗೆ, ನಮ್ಮ ಸ್ವಸಹಾಯ ಸಂಘದ ಹಿರಿಯಕ್ಕ ಒದ್ದೆ ಸೆರಗು ಹಿಂಡಿಕೊಂಡು ಜಗಲಿಯಲ್ಲಿ ಕೂತಿದ್ದರು. ಕೈಯಲ್ಲಿ ಕಂತಿನ ಹಣ. ಸಭೆ ಮಾತ್ರ ಹಿಂದಿನ ದಿನ, ಶನಿವಾರವೇ ಮುಗಿದಿತ್ತು!

ದಿನ ಬದಲಾದದ್ದನ್ನು ವಾಟ್ಸಾಪ್ ಗುಂಪಿಗೆ ಹಾಕಿದವಳು ನಾನೇ. ಎರಡು ಗೆರೆ ನೀಲಿಯಾಗಿತ್ತು. ಗುಂಪಿನಲ್ಲಿ ಎಲ್ಲರೂ ತೆರೆದ ಮೇಲೆಯೇ ಅದು ನೀಲಿಯಾಗುವುದು. ಹಾಗಾಗಿ ನಿಶ್ಚಿಂತೆಯಿಂದಿದ್ದೆ. ಆಮೇಲೆ ತಿಳಿಯಿತು, ಅಕ್ಕನ ಫೋನು ಇರುವುದು ಮೊಮ್ಮಗನ ಕೈಯಲ್ಲಿ. ನೀಲಿ ಗೆರೆ ಹೇಳುವುದು ಫೋನಿನಲ್ಲಿ ಸಂದೇಶ ತೆರೆಯಿತೆಂದು, ಅಕ್ಕ ಓದಿದರೆಂದಲ್ಲ.

ಮುಂದಿನ ತಿಂಗಳೂ ದಿನ ಬದಲಾಯಿತು. ಈ ಬಾರಿ ಗುರುವಾರ ಬೆಳಿಗ್ಗೆಯೇ ಹೀಗೆ ಬರೆದೆ: "ಸಭೆ ಭಾನುವಾರ ಅಲ್ಲ, ಶನಿವಾರ 3 ಗಂಟೆಗೆ. ನೋಡಿದವರು 'ತೂಯೆ' ಎಂದಷ್ಟೇ ಬರೆಯಿರಿ. ಬರುತ್ತೀರೋ ಇಲ್ಲವೋ ಆಮೇಲೆ ಹೇಳಿದರಾಯಿತು." ತುಳುವಿನಲ್ಲಿ ತೂಯೆ ಎಂದರೆ ನೋಡಿದೆ. ಕೊನೆಯ ಸಾಲು ಬೇಕೇ ಬೇಕು, ನೋಡಿ. ಉತ್ತರ ಕೊಟ್ಟರೆ ಬರಲೇಬೇಕಾದೀತು ಎಂದು ಎಷ್ಟೋ ಮಂದಿ ಸುಮ್ಮನಿದ್ದುಬಿಡುತ್ತಾರೆ.

ರಾತ್ರಿ ಎಂಟಕ್ಕೆ ಸಂಘದ ಪುಸ್ತಕ ತೆಗೆದು ಹೆಸರಿನ ಮುಂದೆ ಗುರುತು ಹಾಕಿದೆ. ಹದಿನೇಳರಲ್ಲಿ ಹನ್ನೊಂದು ತೂಯೆ. ಒಬ್ಬರು ಕೈಮುಗಿದ ಚಿತ್ರ ಕಳಿಸಿದ್ದರು. ಶುಭೋದಯಕ್ಕೂ ಅದನ್ನೇ ಕಳಿಸುವವರು, ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಉಳಿದ ಆರು ಮಂದಿಗೆ ಫೋನು ಮಾಡಿದೆ. ನಾಲ್ವರು ಸಿಕ್ಕಿದರು. ಒಬ್ಬರು ಕಾರ್ಕಳದ ತವರಿನಲ್ಲಿದ್ದರು, ಅವರ ತಂಗಿಗೆ ಹೇಳಿದೆ. ಹಿರಿಯಕ್ಕನಿಗೆ ನೆರೆಮನೆಯ ಹುಡುಗಿಯ ಬಾಯಲ್ಲಿ ಹೇಳಿಕಳಿಸಿ, ಅವಳು ತಿರುಗಿ ಬಂದು "ಹೇಳಿದೆ ಮಾಮಿ" ಎಂದ ಮೇಲೆಯೇ ಗುರುತು ಹಾಕಿದ್ದು.

ಇಷ್ಟಾದರೂ ಎಡವಿದೆ. ಶುಕ್ರವಾರ ಮತ್ತೆ ಹೊತ್ತು ಬದಲಾಗಿ ನಾಲ್ಕಾಯಿತು. ಪುನಃ ತೂಯೆ ಕೇಳಿದೆ. ಒಬ್ಬರ ಉತ್ತರ ತಡವಾಗಿ ಬಂತು. ಅದು ಗುರುವಾರದ ಸಂದೇಶಕ್ಕೆ ಕೊಟ್ಟದ್ದಂತೆ! ಪಾಪ, ಮೂರಕ್ಕೇ ಬಂದು ಕಾದರು.

ಈಗ ಬದಲಾದದ್ದನ್ನೇ ಉತ್ತರವಾಗಿ ಕೇಳುತ್ತೇನೆ. ವಿಮಾನ ನಡೆಸುವವರದೂ ಇದೇ ಕ್ರಮವಂತೆ. ರೇಡಿಯೋದಲ್ಲಿ 'ರೋಜರ್' ಎಂದರೆ ಮಾತು ಪೂರ್ತಿ ತಲುಪಿತು ಎಂದಷ್ಟೇ. ಏರಬೇಕಾದ ಎತ್ತರದಂಥ ಮುಖ್ಯ ಸಂಗತಿಯನ್ನು ತಿರುಗಿ ಹೇಳಲೇಬೇಕು. ಮೊದಲು ನಾನು "ಶನಿ ಎಂದು ಬರೆಯಿರಿ" ಎಂದಿದ್ದೆ. ಬೆಳಗ್ಗೆ ಎದ್ದು ಶನಿ ಎಂದು ಬರೆಯಲು ಯಾರಿಗೂ ಮನಸ್ಸಾಗಲಿಲ್ಲ! ಆದ್ದರಿಂದ ಗಂಟೆಯನ್ನೇ ಕೇಳುತ್ತೇನೆ.

ಹೋದ ತಿಂಗಳು ಅಕ್ಕನ ಫೋನಿನಿಂದಲೇ ಉತ್ತರ ಬಂತು: "ನಾಲ್ಕು. ಅಜ್ಜಿ ಹೇಳಿ ಬರೆಸಿದ್ದು."